ಹೋಂಸ್ಟೇಗೆ ಮತ ಹಾಕುವ ಮೊದಲು

ಪ್ರಶ್ನೆ: ನಾನು ಉಡುಪಿಯ ಖಾಸಗಿ ಕಾಲೇಜೊಂದರ ಕಚೇರಿಯಲ್ಲಿ ಕೆಲಸಕ್ಕಿದ್ದೇನೆ. ದೊಡ್ಡಮ್ಮನ ಮಗ, ನನಗೆ ಅಣ್ಣನಾಗುವವರು, ನಮ್ಮ ಕುಟುಂಬದ ವಾಟ್ಸ್ಯಾಪ್ ಗ್ರೂಪಿನಲ್ಲಿ ಎಲ್ಲರೂ ಸೇರಿ ಒಂದು ವ್ಯವಹಾರ ಮಾಡೋಣ ಎಂದು ಬರೆದು, ಪೋಲ್ ಹಾಕಿದ್ದಾರೆ. ಬ್ರಹ್ಮಾವರದ ಹತ್ತಿರ ಹೊಳೆ ಬದಿಯ ಅಜ್ಜಿಮನೆಯಲ್ಲಿ ಹೋಂಸ್ಟೇ, ಗೇರುಬೀಜದ ಘಟಕ, ತೆಂಗಿನೆಣ್ಣೆ ಗಾಣ, ಕ್ಯಾಟರಿಂಗ್, ಹೀಗೆ ಐದಾರು ಆಯ್ಕೆಗಳಿವೆ; 'ಯಾವುದೂ ಬೇಡ' ಎಂಬುದಿಲ್ಲ. 'ಯಾರಿಗೆ ಎಷ್ಟಾಗುತ್ತದೋ ಅಷ್ಟು ಹಾಕಿ, ಉಳಿದದ್ದಕ್ಕೆ ಬ್ಯಾಂಕ್ ಸಾಲ ಮಾಡೋಣ, ನಮ್ಮವರೇ ಅಲ್ವಾ' ಎಂದಿದ್ದಾರೆ. ಹೋಂಸ್ಟೇಗೆ ಹೆಚ್ಚು ವೋಟು ಬಿದ್ದಿದೆ. ಅಜ್ಜಿ ತೀರಿಕೊಂಡ ಮೇಲೆ ಆ ಮನೆ ಪಾಲಾಗಿಲ್ಲ. ನನ್ನಲ್ಲಿರುವುದು ಮಗಳ ಓದಿಗೆಂದು ಇಟ್ಟ 4 ಲಕ್ಷದ ಠೇವಣಿ. ಅಪ್ಪ ಹೋದಾಗ ದೊಡ್ಡಮ್ಮ ನನ್ನ ಫೀಸು ಕಟ್ಟಿದ್ದರು, ಈಗ ಹಿಂದೆ ಸರಿಯಬೇಡ ಎಂದು ಅಮ್ಮ ಹೇಳುತ್ತಾರೆ. 'ನಿನ್ನ ಕಡೆಯವರು, ನೀನೇ ನೋಡಿಕೋ' ಎನ್ನುತ್ತಾರೆ ಗಂಡ. ಭಾನುವಾರದೊಳಗೆ ವೋಟ್ ಮಾಡಬೇಕಂತೆ. ಏನು ಮಾಡಲಿ?
— ಹೆಸರು ಬೇಡ, ಉಡುಪಿ

ಉತ್ತರ: ಭಾನುವಾರ ಮತ ಹಾಕಬೇಡಿ. ಅಣ್ಣನ ಉದ್ದೇಶದ ಮೇಲೆ ನನಗೆ ಅನುಮಾನವಿಲ್ಲ. ಊರಿನಲ್ಲಿ ಖಾಲಿ ಬಿದ್ದ ಮನೆಯನ್ನು ನೋಡಿ ಹೊಟ್ಟೆ ಉರಿದವರು ಇಂಥ ಯೋಜನೆ ಹಾಕುವುದು ಸಹಜವೇ. ಆದರೆ ಅವರು ಕೇಳಿರುವುದು 'ಯಾವ ವ್ಯವಹಾರ' ಎಂಬುದನ್ನು ಮಾತ್ರ. ಯಾರು ಎಷ್ಟು ಹಣ ಹಾಕುತ್ತಾರೆ, ದಿನವೂ ಅಲ್ಲಿ ಯಾರು ಇರುತ್ತಾರೆ, ನಷ್ಟವಾದರೆ ಯಾರ ತಲೆಗೆ ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ಅವರು ಕೇಳಿಲ್ಲ, ಮತ್ತು ಈ ಮೂರಕ್ಕೆ ಪೋಲಿನಲ್ಲಿ ಉತ್ತರ ಸಿಗುವುದೂ ಇಲ್ಲ. ಹಣ ಹಾಕಲು ತಯಾರಿಲ್ಲದವರೂ ಮತ ಹಾಕಬಹುದಾದ ಚುನಾವಣೆಯಲ್ಲಿ ಗೆದ್ದ ಹೋಂಸ್ಟೇಗೆ ಎಷ್ಟು ಜನರ ನಿಜವಾದ ಬೆಂಬಲವಿದೆ ಎಂಬುದು ಯಾರಿಗೂ ತಿಳಿಯದು. ಮಾವನೊಬ್ಬರು ಕೈಮುಗಿದ ಚಿತ್ರ ಕಳುಹಿಸಿದರೆ ಅದು ಒಪ್ಪಿಗೆಯೋ, ಬೆಳಗಿನ ನಮಸ್ಕಾರವೋ ಎಂದು ತಿಳಿಯದೆ ಒಪ್ಪಿಗೆಯ ಲೆಕ್ಕಕ್ಕೇ ಸೇರಿಸಿಕೊಳ್ಳುವುದು ನಮ್ಮ ಕುಟುಂಬದ ಗ್ರೂಪುಗಳ ಪದ್ಧತಿ. ಯಾರು ಯಾವುದಕ್ಕೆ ಮತ ಹಾಕಿದರು ಎಂಬುದು ಹೆಸರು ಸಮೇತ ಎಲ್ಲರಿಗೂ ಕಾಣುವುದರಿಂದ, ಮೊದಲ ನಾಲ್ಕು ಮತ ಬಿದ್ದ ಕಡೆಗೇ ಉಳಿದವರೂ ಬೀಳುತ್ತಾರೆ. ಹಾಕಿದ ಮತವನ್ನು ಆಮೇಲೆ ತೆಗೆಯಬಹುದು, ಆದರೆ ತೆಗೆದದ್ದೂ ಮನೆಯಲ್ಲಿ ಮಾತಾಗುತ್ತದೆ.

ಒಂದು ಮತದಿಂದ ನೀವು ಪಾಲುದಾರರಾಗಿಬಿಡುವುದಿಲ್ಲ, ಅಷ್ಟು ಹೆದರಬೇಕಿಲ್ಲ. ಆದರೆ ಪಾಲುದಾರಿಕೆ ಹುಟ್ಟಲು ಛಾಪಾ ಕಾಗದವೇ ಬೇಕು ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ, ಅದು ಸರಿಯಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ ಪ್ರಕಾರ ಬಾಯಿಮಾತಿನ ಒಪ್ಪಂದವೂ ಪಾಲುದಾರಿಕೆಯೇ. 'ಆಯಿತು ಅಣ್ಣ, ನನ್ನನ್ನೂ ಸೇರಿಸಿ' ಎಂದು ಬರೆದು, ಹಣ ಕಳುಹಿಸಿ, ಆಮೇಲೆ ಬಾತ್‌ರೂಮಿಗೆ ಯಾವ ಟೈಲ್ಸ್, ಕೋಣೆಗೆ ಎಷ್ಟು ಬಾಡಿಗೆ ಎಂಬ ತೀರ್ಮಾನಗಳಲ್ಲಿ ಭಾಗವಹಿಸಿ, ಲಾಭದ ಪಾಲನ್ನೂ ಪಡೆದರೆ, ಇವೆಲ್ಲವನ್ನು ಒಟ್ಟಿಗೆ ನೋಡಿದ ನ್ಯಾಯಾಲಯ ನಿಮ್ಮನ್ನು ಪಾಲುದಾರರೆಂದೇ ತೀರ್ಮಾನಿಸಬಹುದು. ಬರೆದ ಒಪ್ಪಂದ ಇಲ್ಲದಿದ್ದಾಗ ಬಿಟ್ಟುಹೋದ ಜಾಗಗಳನ್ನು ಆ ಕಾಯಿದೆಯೇ ತುಂಬುತ್ತದೆ, ಮತ್ತು ಅದು ತುಂಬುವ ರೀತಿ ನಮ್ಮ ಮನೆಗಳಲ್ಲಿ ಯಾರೂ ಊಹಿಸುವಂಥದ್ದಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ನಾಲ್ಕು ಜನ ಸೇರಿದಿರಿ ಎಂದಿಟ್ಟುಕೊಳ್ಳಿ. ಅಣ್ಣ 10 ಲಕ್ಷ, ಕೊಲ್ಲಿಯಲ್ಲಿರುವ ತಮ್ಮನೊಬ್ಬ 8 ಲಕ್ಷ, ನೀವು 4 ಲಕ್ಷ, ನಿವೃತ್ತರಾದ ಮಾವ 2 ಲಕ್ಷ ಹಾಕಿದಿರಿ. ಒಟ್ಟು 24 ಲಕ್ಷ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ 12 ಲಕ್ಷ ನಷ್ಟವಾಯಿತು. ಹಾಕಿದ ಹಣದ ಪ್ರಮಾಣದಲ್ಲಿ ನಷ್ಟವೂ ಹಂಚಿಕೆಯಾಗುತ್ತದೆ, ಎಲ್ಲರದ್ದೂ ಅರ್ಧ ಹೋಯಿತು ಎಂದು ನೀವು ಭಾವಿಸುತ್ತೀರಿ. ಹಾಗಾದರೆ ಅಣ್ಣನಿಗೆ 5, ತಮ್ಮನಿಗೆ 4, ನಿಮಗೆ 2, ಮಾವನಿಗೆ 1 ಲಕ್ಷ. ಆದರೆ ಬೇರೆ ಒಪ್ಪಂದವಿಲ್ಲದಿದ್ದರೆ ಕಾಯಿದೆಯ 13ನೆಯ ಕಲಮಿನಂತೆ ಲಾಭವೂ ನಷ್ಟವೂ ತಲೆಗೆ ಸಮ. ಆಗ ಪ್ರತಿಯೊಬ್ಬರಿಗೂ 3 ಲಕ್ಷ. ನಿಮ್ಮ ನಾಲ್ಕರಲ್ಲಿ ಒಂದು ಮಾತ್ರ ಉಳಿಯಿತು. 2 ಲಕ್ಷ ಹಾಕಿದ ಮಾವ ಅದನ್ನೂ ಕಳೆದುಕೊಂಡು, ಪಿಂಚಣಿಯಿಂದ ಇನ್ನೊಂದು ಲಕ್ಷ ತಂದು ಕೊಡಬೇಕಾಯಿತು. ಎಲ್ಲರಿಗಿಂತ ಹೆಚ್ಚು ಹಾಕಿದ ಅಣ್ಣ ಕಳೆದುಕೊಂಡದ್ದೂ ಮೂರೇ. ಇಲ್ಲಿ ಯಾರೂ ಮೋಸ ಮಾಡಿಲ್ಲ. 'ಯಾರಿಗೆ ಎಷ್ಟಾಗುತ್ತದೋ ಅಷ್ಟು' ಎಂಬ ಔದಾರ್ಯದ ಮಾತನ್ನು ಹಾಗೆಯೇ ಬಿಟ್ಟದ್ದರ ಫಲ ಇದು.

ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ: ಒಪ್ಪಂದವಿಲ್ಲದೆ ಯಾವ ಪಾಲುದಾರನಿಗೂ ದುಡಿಮೆಗೆ ಸಂಬಳವಿಲ್ಲ. ಹೋಂಸ್ಟೇಯಲ್ಲಿ ರಾತ್ರಿ ಹನ್ನೊಂದಕ್ಕೆ ಬರುವ ಅತಿಥಿಗೆ ಗೇಟು ತೆರೆಯುವವರು, ಕರೆಂಟು ಹೋದರೆ ಜನರೇಟರ್ ನೋಡುವವರು, ಹಾಸಿಗೆಯ ಬಟ್ಟೆ ಒಗೆಸುವವರು ಒಬ್ಬರೇ ಆಗಿರುತ್ತಾರೆ, ಹೆಚ್ಚಾಗಿ ಅಣ್ಣ ಮತ್ತು ಅತ್ತಿಗೆ. ಮೊದಲ ಆರು ತಿಂಗಳು ಅವರು ಉತ್ಸಾಹದಿಂದ ಮಾಡುತ್ತಾರೆ. ಆಮೇಲೆ ತಮ್ಮ ಕಷ್ಟಕ್ಕೆಂದು ಕೈಗೆ ಬಂದ ಬಾಡಿಗೆಯಲ್ಲಿ ಸ್ವಲ್ಪ ಇಟ್ಟುಕೊಳ್ಳುತ್ತಾರೆ. ಅವರ ದೃಷ್ಟಿಯಲ್ಲಿ ಅದು ಕೂಲಿ, ಲೆಕ್ಕ ಕೇಳುವವರ ದೃಷ್ಟಿಯಲ್ಲಿ ಅದು ತಿಂದದ್ದು. ಈ ಅಂಕಣಕ್ಕೆ ಬರುವ ಕುಟುಂಬದ ವ್ಯವಹಾರದ ಪತ್ರಗಳಲ್ಲಿ ಜಗಳದ ಬೇರು ಹಲವು ಬಾರಿ ಇಲ್ಲಿಯೇ ಕಾಣುತ್ತದೆ. ಆದ್ದರಿಂದ ದಿನವೂ ದುಡಿಯುವವರಿಗೆ ತಿಂಗಳಿಗೆ ಇಷ್ಟು ಎಂದು ಮೊದಲೇ ಬರೆಯಬೇಕೆಂದು ನೀವು ಕೇಳಿದರೆ, ಅದು ಅಣ್ಣನ ವಿರುದ್ಧದ ಮಾತಲ್ಲ, ಅವರ ಪರವಾದ ಮಾತು. ಅದನ್ನು ಆ ರೀತಿಯಲ್ಲೇ ಹೇಳಿ.

ಈಗ ಬ್ಯಾಂಕ್ ಸಾಲದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಅರ್ಧ ವಾಕ್ಯವೇ. ಹೆಚ್ಚೆಂದರೆ ನಾಲ್ಕು ಲಕ್ಷ ಹೋದೀತು ಎಂದು ನೀವು ಅಂದುಕೊಂಡಿದ್ದೀರಿ. ಸಾಮಾನ್ಯ ಪಾಲುದಾರಿಕೆಯಲ್ಲಿ ನಷ್ಟಕ್ಕೆ ಅಂಥ ಮಿತಿ ಇಲ್ಲ. ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಇತರರೊಂದಿಗೆ ಸೇರಿಯೂ, ಒಬ್ಬೊಬ್ಬನಾಗಿಯೂ ಪೂರ್ತಿ ಹೊಣೆ. 15 ಲಕ್ಷ ಬಾಕಿ ಉಳಿದರೆ ಬ್ಯಾಂಕು ನಾಲ್ಕು ಭಾಗ ಮಾಡಿ ನಾಲ್ವರ ಮನೆಗೆ ಹೋಗಬೇಕೆಂಬ ನಿಯಮವಿಲ್ಲ. ಯಾರಿಂದ ಸುಲಭವಾಗಿ ವಸೂಲಾಗುತ್ತದೆಯೋ ಅವರಿಂದ ಪೂರ್ತಿ ಕೇಳಬಹುದು, ಕೊಟ್ಟವರು ಉಳಿದವರ ಹಿಂದೆ ತಮ್ಮ ಹಣಕ್ಕಾಗಿ ಅಲೆಯಬೇಕು. ಕೊಲ್ಲಿಯಲ್ಲಿರುವವನು ಕೈಗೆ ಸಿಗುವುದಿಲ್ಲ, ಮಾವನಲ್ಲಿ ಪಿಂಚಣಿ ಬಿಟ್ಟು ಬೇರೇನಿಲ್ಲ, ಅಣ್ಣನ ಹಣವೆಲ್ಲ ಅಲ್ಲಿಯೇ ಮುಳುಗಿರುತ್ತದೆ. ಉಡುಪಿಯಲ್ಲೇ ಇದ್ದು ತಿಂಗಳು ತಿಂಗಳು ಸಂಬಳ ಪಡೆಯುವವರು ನೀವೊಬ್ಬರೇ. 'ನೀನು ಏನೂ ಮಾಡಬೇಡ, ಹೆಸರು ಮಾತ್ರ ಇರಲಿ' ಎಂದರೂ ಹೊಣೆ ಕಡಿಮೆಯಾಗುವುದಿಲ್ಲ. ಸುಮ್ಮನೆ ಕುಳಿತ ಪಾಲುದಾರನೂ ಪಾಲುದಾರನೇ.

ಇದನ್ನು ಹೇಳಿದಾಗ, 'ಹಾಗಾದರೆ ಎಲ್‌ಎಲ್‌ಪಿ ಮಾಡೋಣ' ಎಂದು ಗ್ರೂಪಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. 2008ರ ಕಾಯಿದೆಯಡಿ ನೋಂದಾಯಿಸುವ ಸೀಮಿತ ಹೊಣೆಯ ಪಾಲುದಾರಿಕೆ ಅದು. ಸಂಸ್ಥೆಯ ಸಾಲಕ್ಕೆ ಸಂಸ್ಥೆಯೇ ಹೊಣೆಯಾಗಿ, ನೀವು ಕಳೆದುಕೊಳ್ಳುವುದು ಹಾಕಲು ಒಪ್ಪಿದ ಹಣದಷ್ಟೇ. ಒಳ್ಳೆಯ ಸಲಹೆಯೇ. ಆದರೆ ಹೊಸ ಸಂಸ್ಥೆಗೆ ಸಾಲ ಕೊಡುವ ಬ್ಯಾಂಕು ಸಾಮಾನ್ಯವಾಗಿ ಪಾಲುದಾರರ ವೈಯಕ್ತಿಕ ಜಾಮೀನು ಕೇಳುತ್ತದೆ, ಮತ್ತು ಆ ಜಾಮೀನು ಪತ್ರಕ್ಕೆ ಸಹಿ ಹಾಕಿದ ಕ್ಷಣ ಆ ರಕ್ಷಣೆ ನಿಮ್ಮ ಮಟ್ಟಿಗೆ ಮುಗಿಯಿತು. ಸಂಸ್ಥೆಯ ಹೆಸರು ಯಾವುದಾದರೂ ಇರಲಿ, ನಿಮ್ಮ ಮುಂದೆ ಇಡುವ ಕಾಗದದಲ್ಲಿ ಜಾಮೀನುದಾರ ಎಂಬ ಜಾಗದಲ್ಲಿ ನಿಮ್ಮ ಹೆಸರಿದೆಯೇ ಎಂದು ನೋಡಿ.

ಇನ್ನು ಅಜ್ಜಿಮನೆ. ನನಗೆ ಅನಿಸುವುದು, ಹೋಂಸ್ಟೇಗೆ ಮತ ಹಾಕಿದ ಹೆಚ್ಚಿನವರು ತಮ್ಮದಲ್ಲದ ವಸ್ತುವಿನ ಬಗ್ಗೆ ಮತ ಹಾಕಿದ್ದಾರೆ. ಮನೆ ಅಜ್ಜಿಯ ಹೆಸರಿನಲ್ಲೇ ಇದ್ದು, ಅಜ್ಜ ಮೊದಲೇ ತೀರಿಕೊಂಡಿದ್ದು, ಅಜ್ಜಿ ವೀಲುನಾಮೆ ಬರೆಯದೆ ಹೋಗಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಅದು ಅವರ ಮಕ್ಕಳಿಗೆ, ಗಂಡು ಹೆಣ್ಣೆನ್ನದೆ, ಸಮನಾಗಿ ಹೋಗುತ್ತದೆ. ಅಂದರೆ ಯಜಮಾನರು ದೊಡ್ಡಮ್ಮ, ನಿಮ್ಮ ಅಮ್ಮ ಮತ್ತು ಮಾವಂದಿರು. ದೊಡ್ಡಮ್ಮ ಇರುವವರೆಗೆ ಅಣ್ಣನಿಗೂ, ಅಮ್ಮ ಇರುವವರೆಗೆ ನಿಮಗೂ ಅದರಲ್ಲಿ ನೇರ ಪಾಲಿಲ್ಲ. ಆಸ್ತಿ ಹಳೆಯ ಅಳಿಯಸಂತಾನದ ಕವರಿನಿಂದ, ಅಂದರೆ ತಾಯಿಯ ಕಡೆಯಿಂದ ಎಣಿಸುವ ಕುಟುಂಬದ ಕವಲಿನಿಂದ ಬಂದದ್ದಾದರೆ ಲೆಕ್ಕ ಬೇರೆಯಾಗಬಹುದು, ಆದ್ದರಿಂದ ಪಹಣಿ ಮತ್ತು ಹಳೆಯ ವಿಭಾಗಪತ್ರ ಇದ್ದರೆ ಅದನ್ನೂ ಹಿಡಿದು ಸ್ಥಳೀಯ ವಕೀಲರೊಬ್ಬರಲ್ಲಿ ಒಮ್ಮೆ ತೋರಿಸಿಕೊಳ್ಳಬೇಕು. ಗ್ರೂಪಿನಲ್ಲಿ ಒಂದೂ ಸಂದೇಶ ಹಾಕದೆ, ಎಲ್ಲವನ್ನೂ ಓದಿ ಸುಮ್ಮನಿರುವ ಹಿರಿಯರೇ ಇಲ್ಲಿ ನಿಜವಾದ ಮತದಾರರು.

ಪಾಲಾಗದ ಮನೆಗೆ ಹಣ ಸುರಿದರೆ ಏನಾಗುತ್ತದೆ ಎಂದು ಯೋಚಿಸಿ. ಕರಾವಳಿಯ ಹಳೆಯ ಹೆಂಚಿನ ಮನೆಯನ್ನು ಅತಿಥಿಗಳಿಗೆ ಸಿದ್ಧಗೊಳಿಸುವುದೆಂದರೆ ಗೆದ್ದಲು ತಿಂದ ಪಕ್ಕಾಸು, ರೀಪು ಬದಲಿಸಬೇಕು, ಕೋಣೆಗೊಂದು ಬಾತ್‌ರೂಮು ಕಟ್ಟಿಸಬೇಕು, ವೈರಿಂಗು ಹೊಸದಾಗಬೇಕು. ಅದಕ್ಕೆ 12 ಲಕ್ಷ ಹೋಯಿತು ಎನ್ನಿ. ಮೂರು ವರ್ಷದ ಬಳಿಕ ಹಿರಿಯರಲ್ಲಿ ಒಬ್ಬರು ತಮ್ಮ ಪಾಲು ಕೇಳಿ, ವಿಭಾಗದಲ್ಲಿ ಮನೆ ಮಾವನ ಪಾಲಿಗೆ ಬಂದರೆ, ನೀವು ನಾಲ್ವರ ಹಣದಲ್ಲಿ ಕಟ್ಟಿದ ಬಾತ್‌ರೂಮುಗಳು ಗೋಡೆಯೊಂದಿಗೆ ಮಾವನಿಗೆ ಹೋಗುತ್ತವೆ, ಸಾಲದ ಕಂತು ನಿಮ್ಮಲ್ಲಿ ಉಳಿಯುತ್ತದೆ. ಇದಕ್ಕೆ ದಾರಿ ಇದೆ: ಯಜಮಾನರೆಲ್ಲರೂ ಸೇರಿ ಮನೆಯನ್ನು ಸಂಸ್ಥೆಗೆ ಇಷ್ಟು ವರ್ಷಕ್ಕೆ, ಇಂತಿಷ್ಟು ಬಾಡಿಗೆಗೆ ಗೇಣಿಗೆ ಕೊಡುವುದು, ಮಧ್ಯೆ ಬಿಡಿಸಿಕೊಂಡರೆ ದುರಸ್ತಿಯ ಹಣದಲ್ಲಿ ಎಷ್ಟು ಹಿಂತಿರುಗಿಸಬೇಕೆಂದು ಅದರಲ್ಲೇ ಬರೆಯುವುದು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಇಂಥ ಗೇಣಿಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಹನ್ನೊಂದು ತಿಂಗಳ ಕರಾರು ಬರೆದು 'ಆಮೇಲೆ ನೋಡೋಣ' ಎನ್ನುವುದು ಬಾಡಿಗೆ ಮನೆಗೆ ಸರಿ, 12 ಲಕ್ಷ ಹಾಕುವ ಕಡೆಗೆ ಸರಿಯಲ್ಲ. ಹಿರಿಯರಲ್ಲಿ ಒಬ್ಬರಾದರೂ ಆ ಪತ್ರಕ್ಕೆ ಸಹಿ ಹಾಕಲು ಹಿಂಜರಿದರೆ, ಆ ಮನೆಯಲ್ಲಿ ಸದ್ಯಕ್ಕೆ ಹೋಂಸ್ಟೇ ಆಗುವುದಿಲ್ಲ ಎಂದೇ ಅರ್ಥ, ಮತ ಎಷ್ಟೇ ಬಿದ್ದಿರಲಿ.

ಮನೆ ಹೊಳೆ ಬದಿಯಲ್ಲಿದೆ ಎಂದಿದ್ದೀರಿ. ಉಬ್ಬರವಿಳಿತ ತಟ್ಟುವ ಹೊಳೆಯ ದಡಕ್ಕೂ ಕರಾವಳಿ ನಿಯಂತ್ರಣ ವಲಯದ ನಿಯಮ ಅನ್ವಯಿಸುತ್ತದೆ, ಅದು ಕಡಲತೀರಕ್ಕೆ ಮಾತ್ರ ಸೀಮಿತವಲ್ಲ. ಹೊಸ ಕಟ್ಟಡದ ತುಂಡೊಂದನ್ನು ಸೇರಿಸುವ ಮೊದಲು ಜಾಗ ಆ ವಲಯದೊಳಗೆ ಬರುತ್ತದೆಯೇ ಎಂದು ವಿಚಾರಿಸದಿದ್ದರೆ, ಕಟ್ಟಿದ ಮೇಲೆ ತೊಂದರೆ. ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು: ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ಆಗ ನಿಲ್ಲುತ್ತವೆ, ಕಡಲಿಗೆ ಇಳಿಯಲು ಬಿಡುವುದಿಲ್ಲ, ಕಡಲು ನೋಡಲೆಂದು ಬರುವ ಅತಿಥಿಗಳು ಬಹಳ ಕಡಿಮೆ. ಅಣ್ಣ ಕೋಣೆಯ ಬಾಡಿಗೆಯನ್ನು ಹನ್ನೆರಡು ತಿಂಗಳಿಗೆ ಗುಣಿಸಿದ್ದರೆ ಆ ಲೆಕ್ಕವನ್ನು ಎಂಟು ತಿಂಗಳಿಗೆ ಇಳಿಸಿ ಮತ್ತೊಮ್ಮೆ ಮಾಡಲು ಹೇಳಿ. ಸಾಲದ ಕಂತು ಮಾತ್ರ ಹನ್ನೆರಡೂ ತಿಂಗಳು ಬರುತ್ತದೆ. ಉಳಿದ ಆಯ್ಕೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗೇರುಬೀಜದಲ್ಲಿ ಕೊಯ್ಲಿನ ಕೆಲವೇ ತಿಂಗಳಲ್ಲಿ ಕಚ್ಚಾ ಬೀಜ ಕೊಂಡು ವರ್ಷವಿಡೀ ಮಾರಬೇಕಾದ್ದರಿಂದ ಯಂತ್ರಕ್ಕಿಂತ ದಾಸ್ತಾನಿಗೇ ಹೆಚ್ಚು ಹಣ ಹಿಡಿಯುತ್ತದೆ. ಪಟ್ಟಿಯಲ್ಲಿ ನನಗೆ ಅಲ್ಪಸ್ವಲ್ಪ ಸರಿಯೆನಿಸಿದ್ದು ಕ್ಯಾಟರಿಂಗ್, ಏಕೆಂದರೆ ಅದನ್ನು ಎರಡು ಸಮಾರಂಭ ಮಾಡಿ ನೋಡಿ ನಿಲ್ಲಿಸಲು ಸಾಧ್ಯ.

ಅಮ್ಮನ ಮಾತಿಗೆ ಬರೋಣ. ದೊಡ್ಡಮ್ಮ ಕಷ್ಟಕಾಲದಲ್ಲಿ ನಿಮ್ಮ ಫೀಸು ಕಟ್ಟಿದ್ದು ನಿಜವಾದ ಋಣ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅದು ದೊಡ್ಡಮ್ಮನ ಋಣ, ಹೋಂಸ್ಟೇಯ ಋಣವಲ್ಲ. ಆಗ ದೊಡ್ಡಮ್ಮ ಕೊಟ್ಟದ್ದು ನಿಮ್ಮ ಓದಿಗೆ. ಈಗ ಅದನ್ನು ತೀರಿಸಲು ಮಗಳ ಓದಿನ ಹಣವನ್ನು ತೆಗೆದು ಕೊಡಬೇಕೆಂದು ದೊಡ್ಡಮ್ಮನೇ ಬಯಸುವುದಿಲ್ಲ ಎಂದು ನನ್ನ ಊಹೆ. ಅವರಿಗೆ ನೇರವಾಗಿ ಕೇಳಿ. ಗ್ರೂಪಿನಲ್ಲಲ್ಲ, ಫೋನಿನಲ್ಲೂ ಅಲ್ಲ, ಮನೆಗೆ ಹೋಗಿ. ಅಣ್ಣನಿಗೆ ಏನಾದರೂ ಸಹಾಯ ಮಾಡಲೇಬೇಕೆಂದು ಮನಸ್ಸಿದ್ದರೆ, ಹೋದರೂ ಮನೆ ನಡೆಯುತ್ತದೆ ಎನ್ನಬಹುದಾದ ಮೊತ್ತವನ್ನು, ಅದು 30 ಸಾವಿರವಾಗಲಿ 50 ಸಾವಿರವಾಗಲಿ, ಠೇವಣಿಯಿಂದಲ್ಲದೆ ಸಂಬಳದ ಉಳಿತಾಯದಿಂದ ಸಾಲವಾಗಿ ಕೊಡಿ. ಸಾಲ ಕೊಟ್ಟವರು ಪಾಲುದಾರರಲ್ಲ, ಬ್ಯಾಂಕಿನ ಬಾಕಿ ಅವರ ಬಾಗಿಲಿಗೆ ಬರುವುದಿಲ್ಲ. ಬ್ಯಾಂಕ್ ಖಾತೆಯಿಂದಲೇ ಕಳುಹಿಸಿ, ಏಕೆಂದರೆ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯಲು ಆದಾಯ ತೆರಿಗೆಯ ನಿಯಮ ಬಿಡುವುದಿಲ್ಲ. ಇದು ಸಾಲ, ಇಂಥ ತಿಂಗಳಿನಿಂದ ಹಿಂತಿರುಗಿಸುವುದು ಎಂದು ಎರಡು ಸಾಲು ಬರೆದು ಇಬ್ಬರೂ ಸಹಿ ಹಾಕಿ.

ದೊಡ್ಡಮ್ಮನಲ್ಲಿ ಮಾತಾಡಿದ ಮೇಲೆ ಅಣ್ಣನಿಗೆ ಒಬ್ಬರಿಗೇ ಫೋನು ಮಾಡಿ, ನೀವು ಗ್ರೂಪಿನಲ್ಲಿ ಏನು ಬರೆಯಲಿದ್ದೀರಿ ಎಂದು ಮೊದಲೇ ತಿಳಿಸಿ. ಎಲ್ಲರ ಎದುರು ಮೊದಲ ಬಾರಿಗೆ ಪ್ರಶ್ನೆ ಕೇಳಿಸಿಕೊಂಡರೆ ಹಿರಿಯವರಿಗೆ ಮುಖಭಂಗವೆನಿಸುತ್ತದೆ. ಆಮೇಲೆ ಗ್ರೂಪಿನಲ್ಲಿ ಇಷ್ಟು ಹಾಕಿದರೆ ಸಾಕು: 'ಅಣ್ಣಾ, ಎಲ್ಲರನ್ನೂ ಸೇರಿಸಿ ಯೋಚನೆ ಮಾಡಿದ್ದು ಖುಷಿಯಾಯಿತು. ಮಗಳ ಓದಿನ ಖರ್ಚು ಎದುರಿಗಿರುವುದರಿಂದ ನಾನು ಈಗ ಹಣ ಹಾಕುವ ಸ್ಥಿತಿಯಲ್ಲಿಲ್ಲ, ಹಾಗಾಗಿ ಮತ ಹಾಕುತ್ತಿಲ್ಲ. ಅಜ್ಜಿಮನೆಯ ವಿಷಯವನ್ನು ದೊಡ್ಡಮ್ಮ, ಅಮ್ಮ, ಮಾವ ಒಟ್ಟಿಗೆ ಕುಳಿತು ಹೇಳಿದ ಮೇಲೆ ತೀರ್ಮಾನಿಸುವುದು ಒಳ್ಳೆಯದು. ಲೆಕ್ಕಪತ್ರ ಬರೆಯುವ ಕೆಲಸವಿದ್ದರೆ ನಾನು ಮಾಡಿಕೊಡುತ್ತೇನೆ.' ಕೊನೆಯ ವಾಕ್ಯ ನಿಮಗೆ ಸಾಧ್ಯವಿದ್ದರೆ ಮಾತ್ರ ಬರೆಯಿರಿ. ಕಚೇರಿಯ ಕೆಲಸ ಬಲ್ಲ ನೀವು ತಿಂಗಳಿಗೊಮ್ಮೆ ಅಣ್ಣನ ಪುಸ್ತಕ ಬರೆದುಕೊಟ್ಟರೆ ಅದು ನಾಲ್ಕು ಲಕ್ಷಕ್ಕಿಂತ ಹೆಚ್ಚಿನ ಉಪಕಾರವಾಗಬಹುದು. ಆದರೆ ಚೆಕ್ಕಿಗೆ ಸಹಿ ಹಾಕುವ ಅಧಿಕಾರವನ್ನು ವಹಿಸಿಕೊಳ್ಳಬೇಡಿ, ನಿಮ್ಮನ್ನು ಪಾಲುದಾರರೆಂದು ಹೊರಗಿನವರಿಗೆ ಪರಿಚಯಿಸಲೂ ಬಿಡಬೇಡಿ. ಪಾಲುದಾರರೆಂದು ತೋರಿಸಿಕೊಂಡವರನ್ನು ನಂಬಿ ಯಾರಾದರೂ ಸಾಲ ಕೊಟ್ಟರೆ, ಆ ಸಾಲಕ್ಕೆ ಅವರೂ ಉತ್ತರ ಹೇಳಬೇಕಾಗುತ್ತದೆ.

ಮುಂದೆ ಎಂದಾದರೂ ನೀವು ಸೇರುವುದಾದರೆ, ಬರೆದ ಪಾಲುದಾರಿಕೆ ಪತ್ರವಿರಲಿ, ಅದರಲ್ಲಿ ನಷ್ಟದ ಹಂಚಿಕೆ, ದುಡಿಯುವವರ ಸಂಬಳ, ಸಾಲಕ್ಕೆ ಎಲ್ಲರ ಸಹಿ ಬೇಕೆಂಬ ಮಾತು, ಮತ್ತು ಒಬ್ಬರು ಬಿಟ್ಟುಹೋದರೆ ಅವರ ಹಣ ಎಷ್ಟು ದಿನದಲ್ಲಿ ಹೇಗೆ ಹಿಂತಿರುಗುತ್ತದೆ ಎಂಬುದು ಇರಲಿ, ಮತ್ತು ಸಂಸ್ಥೆಯ ನೋಂದಣಿಯಾಗಲಿ. ನೋಂದಣಿ ಕಡ್ಡಾಯವಲ್ಲವೆಂದು ಬಿಟ್ಟವರು ಆಮೇಲೆ ಪರಿತಪಿಸುವುದು ಇಲ್ಲಿ: ನೋಂದಾಯಿಸದ ಸಂಸ್ಥೆಯ ಪಾಲುದಾರರು ಒಪ್ಪಂದದ ತಮ್ಮ ಹಕ್ಕಿಗಾಗಿ ಸಂಸ್ಥೆಯ ಮೇಲೂ, ಇತರ ಪಾಲುದಾರರ ಮೇಲೂ ದಾವೆ ಹೂಡಲಾರರು, ಸಂಸ್ಥೆಯನ್ನೇ ವಿಸರ್ಜಿಸಿ ಲೆಕ್ಕ ಕೊಡಿಸಿ ಎಂದು ಕೇಳುವ ದಾವೆಯಷ್ಟೇ ಉಳಿಯುತ್ತದೆ. ಅಣ್ಣನಿಂದ ಒಂದು ವರ್ಷದ ಲಾಭದ ಬಾಕಿ ಪಡೆಯಲು ಇಡೀ ಹೋಂಸ್ಟೇಯನ್ನು ಮುಚ್ಚಿಸಬೇಕಾದ ಪರಿಸ್ಥಿತಿ ಯಾವ ಕುಟುಂಬಕ್ಕೂ ಬೇಡ.

ಗಂಡನ ಮಾತಿಗೆ ಒಂದು ತಿದ್ದುಪಡಿ. ಅವರು ಹೇಳಿದಂತೆ ಇವರು ನಿಮ್ಮ ಕಡೆಯವರು ಇರಬಹುದು, ಆದರೆ ಠೇವಣಿ ಇಬ್ಬರ ಮಗಳದ್ದು. ಶನಿವಾರ ರಾತ್ರಿಯೊಳಗೆ ಮೇಲಿನ ನಷ್ಟದ ಲೆಕ್ಕವನ್ನು ಅವರ ಮುಂದೆ ಕಾಗದದ ಮೇಲೆ ಬರೆದು ತೋರಿಸಿ, ಗ್ರೂಪಿಗೆ ಹೋಗುವ ಸಂದೇಶವನ್ನೂ ಓದಲು ಕೊಡಿ. ನಾಳೆ ಅಮ್ಮನೋ ಮಾವನೋ ಅವರಿಗೇ ಫೋನು ಮಾಡಿ 'ನೀವಾದರೂ ಹೇಳಿ' ಎಂದಾಗ, ಇಬ್ಬರೂ ಸೇರಿ ತೀರ್ಮಾನಿಸಿದ್ದು ಎಂದು ಅವರು ಹೇಳುವಂತಿರಬೇಕು.